ಮೋಕಾ ಪಾಟ್, ಕೈ ಗ್ರೈಂಡರ್ ಬಳಸುವವರು ಒಮ್ಮೆ ಓದಿ

ಮನೆಯ ಎಲ್ಲರಿಗೂ,

ಸ್ಟವ್ ಪಕ್ಕದ ಶೆಲ್ಫಿನಲ್ಲಿರುವ ಮೋಕಾ ಪಾಟ್, ಕೈ ಗ್ರೈಂಡರ್ ಎರಡೂ ನಮ್ಮೆಲ್ಲರವು. ಯಾರು ಬೇಕಾದರೂ ಬಳಸಿ, ನನ್ನನ್ನು ಕೇಳಬೇಕಾಗಿಲ್ಲ. ಎರಡು ಮಾತು ಮುಖ್ಯವಾಗಿ ನೆನಪಿರಲಿ: ಗ್ರೈಂಡರಿಗೆ ನೀರು ತಾಗಬಾರದು, ಪಾಟನ್ನು ಒದ್ದೆಯಾಗಿ ಮುಚ್ಚಿಡಬಾರದು. ಮಿಕ್ಕಿದ್ದು ಹೆಚ್ಚುಕಮ್ಮಿಯಾದರೆ ಹೆಚ್ಚಿನ ಸಲ ಆ ಹೊತ್ತಿನ ಕಾಫಿ ಕೆಡುತ್ತದೆ, ಸಾಮಾನಿಗೆ ಪೆಟ್ಟಾಗುವ ಕಡೆ ಕೆಳಗೆ ಹೇಳಿದ್ದೇನೆ. ಇವೆರಡು ತಪ್ಪಿದರೆ ಸಾಮಾನೇ ಕೆಡುತ್ತದೆ.

ಮೊದಲು ಗ್ರೈಂಡರ್. ನಮ್ಮದು ಮೂರು ಕಪ್‌ನ ಪಾಟ್, ಅದಕ್ಕೆ ಸುಮಾರು 16 ಗ್ರಾಂ ಬೀಜ ಸಾಕು. ಪುಡಿ ಸಣ್ಣ ಉಪ್ಪಿನಷ್ಟು ತರಿಯಾಗಿರಬೇಕು. ಬೆರಳಲ್ಲಿ ಉಜ್ಜಿದರೆ ಹಿಟ್ಟಿನ ಹಾಗೆ ಅಂಟಿದರೆ ಅದು ತೀರಾ ನುಣ್ಣಗಾಗಿದೆ ಎಂದರ್ಥ. ಕೆಳಗಿನ ಡಬ್ಬಿ ಬಿಚ್ಚಿದರೆ ಒಳಗೆ ಟಿಕ್ ಟಿಕ್ ಎಂದು ತಿರುಗುವ ಡಯಲ್ ಕಾಣುತ್ತದೆ. ಪೂರ್ತಿ ಬಿಗಿ ಮಾಡಿದ ಜಾಗದಿಂದ 16 ಟಿಕ್ ಸಡಿಲ ಮಾಡಿಟ್ಟಿದ್ದೇನೆ, ನಮ್ಮ ಪಾಟಿಗೆ ಅದು ಸರಿಹೋಗುತ್ತದೆ. ಬೇರೆ ಥರದ ಕಾಫಿಗೆ ಬದಲಾಯಿಸಿಕೊಂಡರೆ ಆಮೇಲೆ ಅಲ್ಲಿಗೇ ತಂದಿಡಿ. ಒಳಗೆ ಬೀಜ ಇರುವಾಗ ಡಯಲನ್ನು ಬಿಗಿ ಮಾಡಬೇಡಿ. ಹಿಡಿ ಸಿಕ್ಕಿಕೊಂಡರೂ ಜೋರು ಮಾಡಬೇಡಿ. ಡಯಲ್ ಸ್ವಲ್ಪ ಸಡಿಲ ಮಾಡಿ, ಹಿಡಿಯನ್ನು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ, ಬಿಟ್ಟುಕೊಳ್ಳುತ್ತದೆ.

ಅದರಲ್ಲಿ ಕಾಫಿ ಬೀಜ ಬಿಟ್ಟು ಬೇರೇನೂ ಹಾಕಬೇಡಿ, ದಯವಿಟ್ಟು. ಮೆಣಸು, ಏಲಕ್ಕಿ ಒಮ್ಮೆ ಹಾಕಿದರೂ ವಾಸನೆ ಬೇಗ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ತಲೆಕೆಳಗು ಮಾಡಿ ಎರಡು ಸಲ ತಟ್ಟಿ, ಜೊತೆಗಿಟ್ಟಿರುವ ಬ್ರಷ್‌ನಿಂದ ಪುಡಿ ಉದುರಿಸಿ. ಅಷ್ಟೇ ಸಾಕು. ಒಳಗಿನ ಹಲ್ಲುಗಳು ಸ್ಟೀಲಿನವು, ನೀರಿನ ಪಸೆ ಉಳಿದರೆ ತುಕ್ಕು ಹಿಡಿಯುತ್ತವೆ.

ಇನ್ನು ಪಾಟ್. ಕೆಳಗಿನ ಪಾತ್ರೆಯ ಪಕ್ಕದಲ್ಲಿ ಒಂದು ಪುಟ್ಟ ವಾಲ್ವ್ ಇದೆ. ನೀರು ಅದರ ಕೆಳಗೇ ನಿಲ್ಲಬೇಕು, ಮೇಲೆ ಬರಬಾರದು. ನೀರನ್ನು ಮೊದಲೇ ಕಾಯಿಸಿ ಹಾಕಿದರೆ ಒಳ್ಳೆಯದು, ಒಲೆ ಮೇಲೆ ಪುಡಿ ಸುಮ್ನೆ ಬಿಸಿಯಾಗುತ್ತಾ ಕೂರುವುದಿಲ್ಲ. ಆದರೆ ಆಗ ಕೆಳಭಾಗ ಸುಡುತ್ತದೆ, ಬಟ್ಟೆಯಲ್ಲಿ ಹಿಡಿದು ತಿರುಗಿಸಿ. ಜಾಲರಿಗೆ ಪುಡಿ ತುಂಬಿ ಬೆರಳಲ್ಲಿ ಸಮ ಮಾಡಿ. ಒತ್ತಬೇಡಿ. ಅಂಚಿನ ಮೇಲೆ ಬಿದ್ದ ಪುಡಿ ಒರೆಸಿ, ಇಲ್ಲದಿದ್ದರೆ ವಾಷರ್ ಸರಿಯಾಗಿ ಕೂರದೆ ಪಕ್ಕದಿಂದ ಹಬೆ ಹೋಗುತ್ತದೆ. ಮೇಲಿನ ಭಾಗ ಬಿಗಿ ಮಾಡುವಾಗ ಹಿಡಿಯನ್ನು ಹಿಡಿದು ತಿರುಚಬೇಡಿ, ಅದು ಮುರಿಯುತ್ತದೆ. ಮೈ ಹಿಡಿದು ತಿರುಗಿಸಿ.

ಸಣ್ಣ ಬರ್ನರ್, ಸಣ್ಣ ಉರಿ. ಉರಿ ಪಾಟಿನ ತಳದಿಂದ ಆಚೆ ಚಾಚಿದರೆ ಹಿಡಿ ಕರಗುತ್ತದೆ. ಮುಚ್ಚಳ ತೆರೆದಿಟ್ಟು ನೋಡುತ್ತಾ ನಿಲ್ಲಿ, ಆ ಐದು ನಿಮಿಷ ಬೇರೆ ಕಡೆ ಹೋಗಬೇಡಿ. ಮೊದಲು ಕಡುಗಪ್ಪು ಕಾಫಿ ನಿಧಾನವಾಗಿ ಒಸರುತ್ತದೆ. ಆಮೇಲೆ ಬಣ್ಣ ಜೇನಿನಂತೆ ತಿಳಿಯಾಗುತ್ತದೆ. ಗೊರಗೊರ ಸದ್ದು ಶುರುವಾಗುವ ಹೊತ್ತಿಗೆ ಇಳಿಸಿಬಿಡಿ. ಅದಾದ ಮೇಲೆ ಬರುವುದು ಬರೀ ಹಬೆ ಮತ್ತು ಕಹಿ. ಇಷ್ಟು ಕಾಫಿ ಒಬ್ಬರಿಗೆ ಜಾಸ್ತಿಯೇ, ಆದರೂ ಅರ್ಧ ಪುಡಿ, ಅರ್ಧ ನೀರು ಹಾಕಿ ಮಾಡಬೇಡಿ. ಅದು ಸರಿಯಾಗಿ ಇಳಿಯುವುದಿಲ್ಲ. ಪೂರ್ತಿ ಮಾಡಿ ಯಾರಿಗಾದರೂ ಕೊಡಿ.

ವಾಲ್ವ್‌ನಿಂದ ಹಬೆ ಚಿಮ್ಮಿದರೆ ತಕ್ಷಣ ಗ್ಯಾಸ್ ಆಫ್ ಮಾಡಿ. ಪೂರ್ತಿ ತಣ್ಣಗಾಗುವವರೆಗೆ ತೆರೆಯಬೇಡಿ, ಒಳಗೆ ಒತ್ತಡ ಇರುತ್ತದೆ. ಹೆಚ್ಚಾಗಿ ಪುಡಿ ತೀರಾ ನುಣ್ಣಗಿದ್ದಾಗ ಹೀಗಾಗುತ್ತದೆ.

ತೊಳೆಯುವುದು ಸುಲಭ. ಆರಿದ ಮೇಲೆ ಚರಟವನ್ನು ಕಸದ ಬುಟ್ಟಿಗೆ ತಟ್ಟಿ, ಸಿಂಕಿಗೆ ಬೇಡ, ಪೈಪ್ ಕಟ್ಟಿಕೊಳ್ಳುತ್ತದೆ. ಮೂರೂ ಭಾಗಗಳನ್ನು ಬಿಸಿನೀರಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಸೋಪ್ ತಾಗಲೇಬಾರದು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಹಳೇ ಕಾಫಿ ಎಣ್ಣೆ ನಿಂತು ಮುಗ್ಗಲು ವಾಸನೆ ಬರುತ್ತದೆ. ವಾರಕ್ಕೊಮ್ಮೆ ಮೆತ್ತಗಿನ ಸ್ಪಂಜಿಗೆ ಒಂದು ಹನಿ ಪಾತ್ರೆ ಲಿಕ್ವಿಡ್ ಹಾಕಿ ತೊಳೆದು, ಚೆನ್ನಾಗಿ ಜಾಲಿಸಿ. ಆಗಲೇ ಚಮಚದ ತುದಿಯಿಂದ ವಾಷರ್ ಎಬ್ಬಿಸಿ, ಅದರ ಹಿಂದಿನ ತೂತಿನ ತಟ್ಟೆಯನ್ನೂ ತೊಳೆಯಿರಿ. ಕಂದು ಜಿಡ್ಡು ಕೂರುವುದೆಲ್ಲ ಅಲ್ಲೇ. ಸ್ಟೀಲ್ ಸ್ಕ್ರಬ್ಬರ್ ಬೇಡ, ಡಿಶ್‌ವಾಷರಿಗಂತೂ ಹಾಕಲೇಬೇಡಿ. ಇದು ಅಲ್ಯುಮಿನಿಯಂ, ಅದರಲ್ಲಿ ಕಪ್ಪಾಗಿ ಹಾಳಾಗುತ್ತದೆ.

ಕೊನೆಗೆ ಬಟ್ಟೆಯಲ್ಲಿ ಒರೆಸಿ, ಭಾಗಗಳನ್ನು ಬಿಡಿಬಿಡಿಯಾಗಿ ಶೆಲ್ಫಿನಲ್ಲಿಡಿ. ಜೋಡಿಸಿ ಬಿಗಿ ಮಾಡಿಡಬೇಡಿ. ವಾಷರ್ ಗಟ್ಟಿಯಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಫ್ರಿಜ್ ಮೇಲಿನ ಸಾಮಾನು ಪಟ್ಟಿಯಲ್ಲಿ ಬರೆಯಿರಿ, ಹೊಸದು ತರುತ್ತೇನೆ.

— ಬಾಲ್ಕನಿ ರೂಮಿನಿಂದ