ಪೋರ್ಟಲ್ ಹೊಸ ಸರ್ವರ್‌ಗೆ: ಜೂನ್ 9ರ ಮೀಟಿಂಗ್‌ನ ತೀರ್ಮಾನಗಳು, ಯಾರ ಕೆಲಸ ಯಾವುದು, ಯಾವಾಗ

ಎಲ್ಲರಿಗೂ ನಮಸ್ಕಾರ,

ಮಂಗಳವಾರ ಮೀಟಿಂಗ್‌ನಲ್ಲಿ ನಾನು ಬರೆದುಕೊಂಡ ನೋಟ್ಸ್ ಮತ್ತೆ ಓದಿದಾಗ ಮೂರು ಕಡೆ ‘ನೋಡೋಣ’ ಅಂತ ಇತ್ತು. ಒಂದು ಕಡೆ ಇಬ್ಬರ ಹೆಸರು ಇತ್ತು. ಒಂದು ತಾರೀಖೇ ತಪ್ಪಿತ್ತು. ನಿನ್ನೆ ನಿಮ್ಮೆಲ್ಲರ ಹತ್ತಿರ ಒಬ್ಬೊಬ್ಬರಾಗಿ ಮಾತಾಡಿ ಅವನ್ನೆಲ್ಲ ಸರಿಮಾಡಿದ್ದೇನೆ. ಮೀಟಿಂಗ್‌ಗೆ ಬಾರದವರಿಗೂ ಇದೊಂದನ್ನು ಓದಿದರೆ ಸಾಕು. ಕಚ್ಚಾ ನೋಟ್ಸ್ ಕೂಡ ಕೊನೆಯಲ್ಲಿ ಹಾಗೇ ಹಾಕಿದ್ದೇನೆ, ನಾನು ಏನಾದರೂ ತಪ್ಪು ತಿಳಿದಿದ್ದರೆ ನಿಮಗೆ ಗೊತ್ತಾಗಲಿ ಅಂತ.

ಪೋರ್ಟಲ್ ಹೊಸ ಸರ್ವರ್‌ಗೆ ಹೋಗುವುದು ಜೂನ್ 27, ಶನಿವಾರ ರಾತ್ರಿ 11 ಗಂಟೆಗೆ. ಸದಸ್ಯರಿಗೆ ಮತ್ತೆ ತೆರೆಯುವುದು ಜೂನ್ 28, ಭಾನುವಾರ ಬೆಳಿಗ್ಗೆ 5 ಗಂಟೆಗೆ. ಮೀಟಿಂಗ್‌ನಲ್ಲಿ ‘ಶನಿವಾರ 28’ ಅಂತ ಮಾತು ಬಂದಿತ್ತು, ನಾನೂ ಹಾಗೇ ಬರೆದುಕೊಂಡಿದ್ದೆ. 28 ಭಾನುವಾರ. ವೆಂಕಟೇಶ್ ಸರ್ ಹತ್ತಿರ ಕೇಳಿ ಖಚಿತ ಮಾಡಿಕೊಂಡಿದ್ದೇನೆ: ಶನಿವಾರ ರಾತ್ರಿಯೇ. ಯಾರಾದರೂ 28ರ ರಾತ್ರಿ ಅಂತ ಗುರುತು ಹಾಕಿಕೊಂಡಿದ್ದರೆ ಈಗಲೇ ಬದಲಿಸಿಕೊಳ್ಳಿ.

ತೀರ್ಮಾನ ಆಗಿದ್ದು

ಆ 6 ಗಂಟೆ ಲಾಗಿನ್ ಪೂರ್ತಿ ಬಂದ್. ಜಾಸ್ತಿ ಹೊತ್ತು ಚರ್ಚೆ ಆಗಿದ್ದು ಇದರ ಮೇಲೆಯೇ. ಮೊದಲು ಎಲ್ಲರ ಮನಸ್ಸಿನಲ್ಲಿದ್ದದ್ದು ‘ಓದಲು ಮಾತ್ರ’ ಅನ್ನುವ ವ್ಯವಸ್ಥೆ. ಸದಸ್ಯರು ಒಳಗೆ ಬಂದು ತಮ್ಮ ಮಾಹಿತಿ ನೋಡಬಹುದು, ಏನೂ ಬದಲಿಸಲು ಆಗುವುದಿಲ್ಲ ಅಂತ. ಸುಮಾ ಅವರು ಒಂದು ಒಳ್ಳೆಯ ಮಾತು ಎತ್ತಿದರು: ಲಾಗಿನ್ ಆಗುವುದೇ ಒಂದು ಬರವಣಿಗೆ. ಕೊನೆಯ ಸಲ ಯಾವಾಗ ಒಳಗೆ ಬಂದರು ಅನ್ನುವುದನ್ನೂ ಸೆಷನ್ ಅನ್ನೂ ಡೇಟಾಬೇಸ್‌ನಲ್ಲಿ ದಾಖಲಿಸುತ್ತೇವೆ, ಅಲ್ವಾ? ಡೇಟಾ ನಕಲು ಆಗುತ್ತಿರುವಾಗ ಹಳೆಯ ಕಡೆ ಹೊಸ ಸಾಲುಗಳು ಸೇರುತ್ತಾ ಹೋದರೆ ಎರಡೂ ಕಡೆಯ ಲೆಕ್ಕ ತಾಳೆಯಾಗುವುದಿಲ್ಲ. ಹಾಗಾಗಿ ಲಾಗಿನ್ ಇಲ್ಲದೆ ಕಾಣುವ ಪುಟಗಳು ಮಾತ್ರ ತೆರೆದಿರುತ್ತವೆ.

ಹಿಂದಿರುಗುವ ತೀರ್ಮಾನಕ್ಕೆ ಕೊನೆಯ ಗಡಿ ಬೆಳಗಿನ ಜಾವ 3:30. ಅಷ್ಟು ಹೊತ್ತಿಗೆ ಸುಮಾ ಅವರ ಪರೀಕ್ಷೆಗಳು ಪಾಸ್ ಆಗಿರದಿದ್ದರೆ ಹಳೆಯ ಸರ್ವರ್‌ನಲ್ಲೇ ಪೋರ್ಟಲ್ ತೆರೆಯುತ್ತೇವೆ. ‘ಇನ್ನು 10 ನಿಮಿಷ ಕೊಡಿ’ ಅನ್ನುವುದು ಇರುವುದಿಲ್ಲ. ಲಾಗಿನ್ ಬಂದ್ ಇರುವವರೆಗೆ ಎರಡೂ ಕಡೆ ಒಂದೇ ಡೇಟಾ ಇರುತ್ತದೆ, ವಾಪಸ್ ಹೋಗುವುದು ಸುಲಭ. ಹೊಸ ಸರ್ವರ್‌ನಲ್ಲಿ ಒಬ್ಬ ಸದಸ್ಯ ನವೀಕರಣ ಮಾಡಿ ಹಣ ಕಟ್ಟಿದ ಮೇಲೆ ಅದು ಸುಲಭವಲ್ಲ. ಆ ರಾತ್ರಿ ಈ ತೀರ್ಮಾನ ತೆಗೆದುಕೊಳ್ಳುವವರು ವೆಂಕಟೇಶ್ ಸರ್ ಒಬ್ಬರೇ.

ಹೊಸ ಡಿಸೈನ್ ಇದರ ಜೊತೆಗೆ ಹೋಗುವುದಿಲ್ಲ. ಏನಾದರೂ ಕೆಟ್ಟರೆ ಸರ್ವರ್‌ನಿಂದಲೋ ಹೊಸ ಕೋಡ್‌ನಿಂದಲೋ ಗೊತ್ತಾಗಬೇಕು. ಜೂನ್ 22, ಸೋಮವಾರದಿಂದ ಕೋಡ್ ಬದಲಾವಣೆ ನಿಲ್ಲುತ್ತದೆ.

ಹೊಸ ಡೇಟಾಬೇಸ್ ಪೂರ್ತಿ `utf8mb4`ನಲ್ಲಿ ಇರುತ್ತದೆ. ಈಗ ಇರುವುದು ಮೈಎಸ್‌ಕ್ಯೂಎಲ್‌ನ ಹಳೆಯ `utf8`. ಅದು ಒಂದು ಅಕ್ಷರಕ್ಕೆ 3 ಬೈಟ್‌ವರೆಗೆ ಮಾತ್ರ ಹಿಡಿಯುತ್ತದೆ. ಕನ್ನಡ ಅಕ್ಷರಗಳಿಗೆ 3 ಬೈಟ್ ಸಾಕು, ಅದಕ್ಕೇ ಹೆಸರು, ವಿಳಾಸಗಳು ಇಷ್ಟು ದಿನ ಸರಿಯಾಗಿ ಬಂದಿವೆ. ಇಮೋಜಿಗೆ 4 ಬೈಟ್ ಬೇಕು. ಸದಸ್ಯರ ಅಭಿಪ್ರಾಯಗಳಲ್ಲಿ ಪ್ರಶ್ನೆ ಚಿಹ್ನೆಗಳು ಕಾಣುತ್ತಿರುವುದು ಇದರಿಂದಲೇ. ಈಗಾಗಲೇ ಪ್ರಶ್ನೆ ಚಿಹ್ನೆ ಆಗಿರುವುದು ಮಾತ್ರ ಮತ್ತೆ ಸಿಗುವುದಿಲ್ಲ. ಲೀನಾ ಅವರೇ, ಸದಸ್ಯರು ಕೇಳಿದರೆ ಇದನ್ನು ನೇರವಾಗಿ ಹೇಳಿಬಿಡಿ.

ಹಳೆಯ ಸರ್ವರ್ ಜುಲೈ 31, ಶುಕ್ರವಾರದವರೆಗೆ ಇರುತ್ತದೆ. ಅಲ್ಲಿಯವರೆಗೆ ಅದರಲ್ಲಿ ಯಾರೂ ಏನನ್ನೂ ಅಳಿಸಬಾರದು.

ಯಾರು, ಏನು, ಯಾವಾಗ

ಒಂದು ಕೆಲಸಕ್ಕೆ ಒಂದೇ ಹೆಸರು ಇಟ್ಟಿದ್ದೇನೆ. ಸಹಾಯಕ್ಕೆ ಎಷ್ಟು ಜನರನ್ನಾದರೂ ಕರೆದುಕೊಳ್ಳಿ, ಆದರೆ ಆಗಿದೆಯೋ ಇಲ್ಲವೋ ಅಂತ ಹೇಳಬೇಕಾದವರು ಆ ಒಬ್ಬರು. ನಾನು ಹಿಂದೆ ಇದ್ದ ಒಂದು ತಂಡದಲ್ಲಿ ಇಂಥದ್ದೇ ಶಿಫ್ಟ್ ಇತ್ತು. ಡಿಎನ್‌ಎಸ್ ಕೆಲಸದ ಮುಂದೆ ‘ತಂಡ’ ಅಂತ ಬರೆದಿತ್ತು. ಇನ್ನೊಬ್ಬರು ಮಾಡಿರುತ್ತಾರೆ ಅಂತ ಎಲ್ಲರೂ ಅಂದುಕೊಂಡೆವು, ಯಾರೂ ಮಾಡಿರಲಿಲ್ಲ. ಮರುದಿನವೆಲ್ಲ ಕೆಲವರು ಹೊಸ ಸರ್ವರ್‌ಗೂ ಕೆಲವರು ಹಳೆಯದಕ್ಕೂ ಹೋಗುತ್ತಿದ್ದರು. ಎರಡು ಕಡೆ ಬಿದ್ದ ಡೇಟಾವನ್ನು ಕೈಯಲ್ಲೇ ಜೋಡಿಸಬೇಕಾಯಿತು. ಆ ದಿನ ನನಗೆ ಇನ್ನೂ ಚೆನ್ನಾಗಿ ನೆನಪಿದೆ.

ಅನಿತಾ: ಬ್ಯಾಕಪ್ ದಿನವೂ ಆಗುತ್ತಿದೆ, ಆದರೆ ಅದನ್ನು ಇದುವರೆಗೆ ಒಮ್ಮೆಯೂ ರಿಸ್ಟೋರ್ ಮಾಡಿ ನೋಡಿಲ್ಲ. ಮೊದಲ ಕೆಲಸ ಅದೇ. ಜೂನ್ 12, ಶುಕ್ರವಾರದ ಒಳಗೆ ಬೇರೆ ಯಂತ್ರದಲ್ಲಿ ರಿಸ್ಟೋರ್ ಮಾಡಿ, ಪ್ರತಿ ಟೇಬಲ್‌ನ ಸಾಲುಗಳ ಸಂಖ್ಯೆ ಎರಡೂ ಕಡೆ ಎಷ್ಟಿದೆ ಅಂತ ಹಾಳೆಯಲ್ಲಿ ತುಂಬುತ್ತಾರೆ. ನಕಲು ತೆಗೆಯಲು ಒಪ್ಪಿಕೊಂಡ ಕಮಾಂಡ್ ಇದು:

```
mysqldump --single-transaction --routines --events \
  --default-character-set=utf8mb4 portal > portal.sql
```

`--routines` ಮತ್ತು `--events` ಬಿಟ್ಟರೆ ನಾವು ಡೇಟಾಬೇಸ್ ಒಳಗೇ ಬರೆದಿಟ್ಟಿರುವ ಪ್ರೊಸೀಜರ್‌ಗಳೂ ಸಮಯಕ್ಕೆ ತಾನೇ ಓಡುವ ಕೆಲಸಗಳೂ ನಕಲಿನಲ್ಲಿ ಬರುವುದಿಲ್ಲ. ಪೂರ್ತಿ ತಾಲೀಮು ಜೂನ್ 20, ಶನಿವಾರ. ರಿಸ್ಟೋರ್‌ಗೆ 2 ಗಂಟೆ ಬೇಕು ಅನ್ನುವುದು ಈಗ ಬರೀ ಅಂದಾಜು. ತಾಲೀಮಿನಲ್ಲಿ ಗಡಿಯಾರ ಹಿಡಿದು ಅಳೆಯುತ್ತಾರೆ. 3 ಗಂಟೆ ದಾಟಿದರೆ ನಮ್ಮ 3:30ರ ಗಡಿ ನಿಲ್ಲುವುದಿಲ್ಲ, ತಾರೀಖನ್ನೇ ಮತ್ತೆ ಯೋಚಿಸಬೇಕಾಗುತ್ತದೆ.

ಪ್ರಕಾಶ್: ಡಿಎನ್‌ಎಸ್‌ನಲ್ಲಿ ಟಿಟಿಎಲ್ ಈಗ 86400 ಸೆಕೆಂಡ್, ಅಂದರೆ ಒಂದು ಪೂರ್ತಿ ದಿನ. ಅದನ್ನು ಜೂನ್ 25, ಗುರುವಾರ ಮಧ್ಯಾಹ್ನ 12ರ ಒಳಗೆ 300ಕ್ಕೆ ಇಳಿಸುತ್ತಾರೆ. ಶನಿವಾರ ರಾತ್ರಿ ಇಳಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಹಳೆಯ ವಿಳಾಸ ನೆನಪಿಟ್ಟುಕೊಂಡಿರುವ ಕಡೆಗಳಲ್ಲಿ ಅದು ಇನ್ನೂ ಒಂದು ದಿನ ಉಳಿಯಬಹುದು. ಇಳಿಸಿದ ಮೇಲೆ ಇದೇ ಮೇಲ್‌ಗೆ ‘ಆಯಿತು’ ಅಂತ ಒಂದು ಉತ್ತರ ಹಾಕಿ, ಪ್ರಕಾಶ್. ನಾನು ಕಾಯುತ್ತಿರುತ್ತೇನೆ.

ಹೊಸ ಸರ್ವರ್‌ನ ಐಪಿಯನ್ನು ಎಸ್‌ಪಿಎಫ್ ದಾಖಲೆಗೆ ಸೇರಿಸುವುದೂ ಅವರದೇ, ಜೂನ್ 18, ಗುರುವಾರದ ಒಳಗೆ. ಇದು ಇಲ್ಲದಿದ್ದರೆ ನಮ್ಮ ರಸೀದಿ ಮೇಲ್‌ಗಳು ಸ್ಪ್ಯಾಮ್‌ಗೆ ಹೋಗಬಹುದು. ಮುಂಚೆಯೇ ಸೇರಿಸಿಟ್ಟರೆ ಈಗಿನ ಮೇಲ್‌ಗಳಿಗೆ ತೊಂದರೆ ಇಲ್ಲ.

ರಫೀಕ್: ಪೇಮೆಂಟ್ ಕಂಪನಿಗೆ ಹೊಸ ಐಪಿ ತಿಳಿಸುವ ಕೆಲಸಕ್ಕೆ ನೋಟ್ಸ್‌ನಲ್ಲಿ ‘ರಫೀಕ್/ಪ್ರಕಾಶ್’ ಅಂತ ಇತ್ತು. ಇಬ್ಬರನ್ನೂ ಕೇಳಿದೆ, ರಫೀಕ್ ಒಪ್ಪಿಕೊಂಡಿದ್ದಾರೆ. ಕೋರಿಕೆ ಜೂನ್ 12, ಶುಕ್ರವಾರ ಹೋಗಬೇಕು. ಜೂನ್ 17, ಬುಧವಾರದವರೆಗೆ ಲಿಖಿತ ಉತ್ತರ ಬಾರದಿದ್ದರೆ ಅವತ್ತೇ ನನಗೆ ಹೇಳಿ, ವೆಂಕಟೇಶ್ ಸರ್ ನೇರವಾಗಿ ಅವರ ಹತ್ತಿರ ಮಾತಾಡುತ್ತಾರೆ.

ಕ್ರಾನ್ ಕೂಡ ರಫೀಕ್ ಅವರದು. ಶಿಫ್ಟ್ ದಿನ ರಾತ್ರಿ 10:45ಕ್ಕೆ ಹಳೆಯ ಸರ್ವರ್‌ನಲ್ಲಿ ನಿಲ್ಲಿಸಬೇಕು, ಪೋರ್ಟಲ್ ತೆರೆದ ಮೇಲಷ್ಟೇ ಹೊಸದರಲ್ಲಿ ಶುರು ಮಾಡಬೇಕು. ಎರಡೂ ಕಡೆ ಓಡಿದರೆ ಪ್ರತಿ ಸದಸ್ಯರಿಗೂ ನವೀಕರಣದ ನೆನಪೋಲೆ ಎರಡೆರಡು ಹೋಗುತ್ತದೆ. ಇನ್ನೊಂದು ವಿಷಯ, ಹೊಸ ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದೆ, ಹಳೆಯದು ಸ್ಥಳೀಯ ಸಮಯದಲ್ಲಿದೆ. ಕ್ರಾನ್‌ನಲ್ಲಿ ಬರೆದಿರುವ ಎಲ್ಲ ಸಮಯಗಳನ್ನೂ ಜೂನ್ 19, ಶುಕ್ರವಾರದ ಒಳಗೆ ಒಂದೊಂದಾಗಿ ನೋಡಿ ಸರಿಮಾಡುತ್ತಾರೆ.

ಸುಮಾ: 3:30ರ ತೀರ್ಮಾನಕ್ಕೆ ಬೇಕಾದ ಪರೀಕ್ಷೆಗಳ ಪಟ್ಟಿ ಜೂನ್ 18, ಗುರುವಾರ. ಪಟ್ಟಿ ಚಿಕ್ಕದಾಗಿರಲಿ, ಒಂದು ಗಂಟೆಯೊಳಗೆ ಮುಗಿಯಬೇಕು. ಜೂನ್ 20ರ ತಾಲೀಮಿನಲ್ಲಿ ಅದೇ ಪಟ್ಟಿ ಬಳಸುತ್ತಾರೆ.

ಲೀನಾ: ಸದಸ್ಯರಿಗೆ ಕಳಿಸುವ ಸೂಚನೆಯ ಕರಡು ಜೂನ್ 15, ಸೋಮವಾರ ನನಗೆ. ಮೊದಲ ಸೂಚನೆ ಜೂನ್ 19ರ ಶುಕ್ರವಾರ, ಎರಡನೆಯದು ಜೂನ್ 26ರ ಶುಕ್ರವಾರ. ಅದರಲ್ಲಿ ಲಾಗಿನ್ ಇರುವುದಿಲ್ಲ ಅಂತ ಸ್ಪಷ್ಟವಾಗಿ ಬರಲಿ. ‘ಸೇವೆಯಲ್ಲಿ ಅಡಚಣೆ ಆಗಬಹುದು’ ಅಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಇನ್ನೂ ತೀರ್ಮಾನ ಆಗದ್ದು

ಹಳೆಯ ಆ್ಯಪ್ ಆವೃತ್ತಿಗಳು ಸರ್ವರ್ ಹೆಸರಿನ ಬದಲು ಐಪಿಗೆ ನೇರವಾಗಿ ಹೋಗುತ್ತವೆಯೇ ಅನ್ನುವುದು ಯಾರಿಗೂ ಖಚಿತವಿಲ್ಲ. ಹೌದಾದರೆ ಡಿಎನ್‌ಎಸ್ ಬದಲಿಸಿದರೂ ಅವು ಹಳೆಯ ಸರ್ವರ್‌ನ ಬಾಗಿಲನ್ನೇ ತಟ್ಟುತ್ತಿರುತ್ತವೆ. ಸುಮಾ ಜೂನ್ 16, ಮಂಗಳವಾರದ ಒಳಗೆ ಹಳೆಯ ಆವೃತ್ತಿಗಳನ್ನು ಹಾಕಿ ನೋಡಿ ಹೇಳುತ್ತಾರೆ.

ಹಳೆಯ ಲಾಗ್ ಫೈಲ್‌ಗಳನ್ನು ಹೊಸ ಕಡೆಗೆ ತರಬೇಕೋ ಬೇಡವೋ ಅನ್ನುವುದು ವೆಂಕಟೇಶ್ ಸರ್ ತೀರ್ಮಾನ. ಜೂನ್ 24ರಂದು ಹೇಳುತ್ತಾರೆ. ಶಿಫ್ಟ್ ಇದಕ್ಕಾಗಿ ಕಾಯುವುದಿಲ್ಲ.

ಮುಂದಿನ ಮೀಟಿಂಗ್ ಜೂನ್ 24, ಬುಧವಾರ ಸಂಜೆ 4ಕ್ಕೆ, ಅರ್ಧ ಗಂಟೆ. ಅಲ್ಲಿ ಒಂದೇ ಪ್ರಶ್ನೆ: ಶನಿವಾರ ಹೋಗುತ್ತೇವೋ ಇಲ್ಲವೋ. ತಾಲೀಮಿನ ಸಮಯ, ಪೇಮೆಂಟ್ ಕಂಪನಿಯ ಉತ್ತರ, ಸುಮಾ ಅವರ ಪಟ್ಟಿ ಈ ಮೂರೂ ಕೈಯಲ್ಲಿ ಇರಬೇಕು.

ನಿಮ್ಮ ಹೆಸರಿನ ಮುಂದಿರುವ ಕೆಲಸವೋ ತಾರೀಖೋ ಸರಿಯಿಲ್ಲ ಅನ್ನಿಸಿದರೆ ನಾಳೆ, ಶುಕ್ರವಾರ ಮಧ್ಯಾಹ್ನ 1 ಗಂಟೆಯೊಳಗೆ ಇಲ್ಲೇ ಉತ್ತರಿಸಿ. ಆಗಲ್ಲ ಅಂತ ಈಗ ಹೇಳಿದರೆ ಬೇರೆ ದಾರಿ ಹುಡುಕಲು ಸಮಯವಿದೆ, ದಯವಿಟ್ಟು ಸಂಕೋಚ ಬೇಡ.

ನಾಗರತ್ನ
ಜೂನ್ 11, ಗುರುವಾರ

ಮೀಟಿಂಗ್‌ನಲ್ಲಿ ಬರೆದುಕೊಂಡ ನೋಟ್ಸ್, ಇದ್ದ ಹಾಗೆ

ಶನಿವಾರ 28 ರಾತ್ರಿ 11, ಬೆಳಿಗ್ಗೆ 5ಕ್ಕೆ ಓಪನ್
ಓದಲು ಮಾತ್ರ? ಸುಮಾ: ಲಾಗಿನ್ ಆದ್ರೂ ಬರೆಯುತ್ತೆ!! ಲಾಗಿನ್ ಬಂದ್
ವಾಪಸ್ ಹೋಗೋದು ಎಷ್ಟು ಗಂಟೆವರೆಗೆ? 3:30. ವೆಂ. ಸರ್
ಹೊಸ ಡಿಸೈನ್ ಜೊತೆಗೆ ಬೇಡ. ಕೋಡ್ ಸ್ಟಾಪ್ 22
ಟಿಟಿಎಲ್ ಇಳಿಸಬೇಕು, ಯಾರಾದ್ರೂ, ನೋಡೋಣ
ಬ್ಯಾಕಪ್ ಇದೆ. ರಿಸ್ಟೋರ್ ಮಾಡಿದೀವಾ? ಇಲ್ಲ. ಅನಿತಾ. ತಾಲೀಮು 20
ಇಮೋಜಿ ಪ್ರಶ್ನೆ ಚಿಹ್ನೆ, 4 ಬೈಟ್
ಪೇಮೆಂಟ್‌ನವರಿಗೆ ಹೊಸ ಐಪಿ, ರಫೀಕ್/ಪ್ರಕಾಶ್
ಕ್ರಾನ್ ಎರಡೂ ಕಡೆ ಓಡಿದ್ರೆ? ಗಡಿಯಾರ ಬೇರೆ ಬೇರೆ
ಮೇಲ್ ಸ್ಪ್ಯಾಮ್‌ಗೆ ಹೋಗುತ್ತಾ, ನೋಡೋಣ
ಸದಸ್ಯರಿಗೆ ತಿಳಿಸೋದು ಲೀನಾ, ಎರಡು ಸಲ
ಹಳೇ ಆ್ಯಪ್ ನೇರ ಐಪಿಗೆ ಹೋಗುತ್ತಾ?
ಹಳೇ ಸರ್ವರ್ ಜುಲೈ ಕೊನೆವರೆಗೆ
ಹಳೇ ಲಾಗ್, ನೋಡೋಣ
ಮುಂದಿನದು 24 ಬುಧ 4 ಗಂಟೆ