ವಿಷಯ: ಅಕ್ಟೋಬರ್ ಬಿಲ್‌ಗಳು – ಗುರುವಾರ 30ನೇ ತಾರೀಖು, ಸಂಜೆ 4ರೊಳಗೆ ಅಕೌಂಟ್ಸ್‌ಗೆ ಕೊಡಿ

ಗೆ: ಎಲ್ಲ ವಿಭಾಗಗಳ ಮುಖ್ಯಸ್ಥರು, ಗಿಣಿಗೇರಾ ಪ್ಲಾಂಟ್
ಪ್ರತಿ: ಪ್ಲಾಂಟ್ ಮ್ಯಾನೇಜರ್, ಸ್ಟೋರ್ಸ್, ಗೇಟ್ ಆಫೀಸ್
ದಿನಾಂಕ: 27 ಅಕ್ಟೋಬರ್ 2025, ಸೋಮವಾರ

ಎಲ್ಲರಿಗೂ ನಮಸ್ಕಾರ.

ನಿಮ್ಮ ವಿಭಾಗದಲ್ಲಿ ಬಾಕಿ ಇರುವ ಎಲ್ಲ ವೆಂಡರ್ ಬಿಲ್‌ಗಳನ್ನೂ ಗುರುವಾರ, 30ನೇ ತಾರೀಖು, ಸಂಜೆ 4 ಗಂಟೆಯೊಳಗೆ ಅಕೌಂಟ್ಸ್‌ಗೆ ಕೊಡಿ. ಕೆಲಸ ಮುಗಿದಿದೆ, ಬಿಲ್ ಮಾತ್ರ ಬಂದಿಲ್ಲ ಅಂದರೆ ಅಂದಾಜು ಮೊತ್ತವನ್ನಾದರೂ ಅದೇ ಹೊತ್ತಿಗೆ ಮೇಲ್ ಮಾಡಿ. ಏನೂ ಬಾಕಿ ಇಲ್ಲದಿದ್ದರೆ ‘ಬಾಕಿ ಇಲ್ಲ’ ಅಂತ ಒಂದು ಸಾಲು ಸಾಕು.

ಕಳೆದ ತಿಂಗಳು ನಾನು ಕಳಿಸಿದ ಮೇಲ್ ಎರಡು ಪುಟ ಇತ್ತು. ಅದನ್ನು ಓದಿದ ಮೇಲೂ ಮೂರು ಜನ ಫೋನ್ ಮಾಡಿ, ‘ಮೇಡಂ, ಕೊನೆಗೆ ಯಾವತ್ತು ಕೊಡಬೇಕು?’ ಅಂತ ಕೇಳಿದರು. ಅದಕ್ಕೇ ಈ ಸಲ ತಾರೀಖನ್ನು ಮೊದಲೇ ಹಾಕಿದ್ದೇನೆ. ಸಮಯ ಇಲ್ಲದವರು ಅಷ್ಟೇ ಓದಿ ಬಿಲ್ ಹುಡುಕಲು ಶುರು ಮಾಡಬಹುದು. ಮುಂದಿನದನ್ನು ಬಿಲ್ ಕೈಯಲ್ಲಿ ಹಿಡಿದುಕೊಂಡು ಓದಿದರೆ ಒಳ್ಳೆಯದು.

ಗುರುವಾರವೇ ಯಾಕೆ ಅಂದರೆ, ಶುಕ್ರವಾರ ತಿಂಗಳ ಕೊನೆ. ಶನಿವಾರ ರಾಜ್ಯೋತ್ಸವದ ರಜೆ, ಮರುದಿನ ಭಾನುವಾರ. ಸೋಮವಾರ ಬೆಳಿಗ್ಗೆ ಹೆಡ್ ಆಫೀಸಿಗೆ ಲೆಕ್ಕ ಹೋಗಬೇಕು. ಎಲ್ಲ ವಿಭಾಗಗಳ ಬಿಲ್ ಎಂಟ್ರಿ ಮಾಡಲು ನಮಗೆ ಉಳಿಯುವುದು ಶುಕ್ರವಾರ ಒಂದೇ ದಿನ.

ಈ ತಿಂಗಳು ಹಳೆಯ ಬಿಲ್‌ಗಳ ಮೇಲೆ ಜಾಸ್ತಿ ಗಮನ ಇರಲಿ. 2024–25ರ, ಅಂದರೆ ಈ ವರ್ಷದ ಮಾರ್ಚ್ 31ರವರೆಗಿನ ಬಿಲ್‌ಗಳ ಜಿಎಸ್‌ಟಿಯನ್ನು ನಾವು ವಾಪಸ್ ಲೆಕ್ಕಕ್ಕೆ ತೆಗೆದುಕೊಳ್ಳಲು ಕಾನೂನು ಕೊಟ್ಟಿರುವ ಕೊನೆಯ ದಿನ ನವೆಂಬರ್ 30. ಅಕ್ಟೋಬರ್ ತಿಂಗಳ ರಿಟರ್ನ್ ಅನ್ನು ನವೆಂಬರ್ 20ಕ್ಕೆ ಸಲ್ಲಿಸುತ್ತೇವೆ. ಆ ಬಿಲ್‌ಗಳಿಗೆ ನಮಗಿರುವ ಕೊನೆಯ ಅವಕಾಶ ಅದೇ. 2 ಲಕ್ಷ ರೂಪಾಯಿಯ ಕೆಲಸಕ್ಕೆ 18% ಅಂದರೆ 36,000 ರೂಪಾಯಿ ತೆರಿಗೆ. ಬಿಲ್ ಡ್ರಾಯರ್‌ನಲ್ಲೇ ಉಳಿದರೆ ಆ 36,000 ಪೂರ್ತಿ ನಮ್ಮ ಮೈಮೇಲೆ ಬರುತ್ತದೆ, ಆಮೇಲೆ ಯಾರನ್ನು ಕೇಳಿದರೂ ಸಿಗುವುದಿಲ್ಲ. ಬಿಲ್ ನಮ್ಮ ಕೈಗೆ ಬಂದರೂ ಸಾಲದು, ವೆಂಡರ್ ಅದನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿರಬೇಕು. ತೋರಿಸಿಲ್ಲದಿದ್ದರೆ ತಿಂಗಳ ರಿಟರ್ನ್ ಹಾಕುವವರಿಗೆ ನವೆಂಬರ್ 11ರವರೆಗೆ ಸಮಯ ಇದೆ. ಬೇಗ ಗೊತ್ತಾದರೆ ಫೋನ್ ಮಾಡಿ ಹೇಳಿಸಬಹುದು. ಆದ್ದರಿಂದ ದಯವಿಟ್ಟು ಫೈಲ್, ಕಪಾಟು, ಟೇಬಲ್ ಡ್ರಾಯರ್ ಎಲ್ಲವನ್ನೂ ಒಮ್ಮೆ ತೆಗೆದು ನೋಡಿ. ಹಳೆಯದು ಸಿಕ್ಕಿತು ಅಂತ ಸಂಕೋಚ ಪಡಬೇಡಿ. ಯಾಕೆ ತಡವಾಯಿತು ಅಂತ ನಾನು ಕೇಳುವುದಿಲ್ಲ.

ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಗಿದೆ. ಸಿಮೆಂಟ್, ಲಾರಿ ಟಯರ್, ಎಸಿ ಇವೆಲ್ಲ 28ರಿಂದ 18%ಗೆ ಇಳಿದಿವೆ. ಅಕ್ಟೋಬರ್ ತಾರೀಖಿನ ಬಿಲ್‌ನಲ್ಲಿ ಇನ್ನೂ 28 ಅಂತ ಇದ್ದರೆ ಸಹಿ ಹಾಕುವ ಮೊದಲೇ ವೆಂಡರ್‌ಗೆ ತೋರಿಸಿ. ಸಿವಿಲ್‌ನವರು ಮತ್ತು ವಾಹನ ವಿಭಾಗದವರು ಇದನ್ನು ಮರೆಯಬಾರದು.

ಇನ್ನು ಪ್ರತಿ ತಿಂಗಳೂ ಬಿಲ್ ವಾಪಸ್ ಹೋಗುವ ಕಾರಣಗಳು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್: ಸಾಮಾನಿನ ಬಿಲ್ ಆದರೆ ಪಿಒ ನಂಬರ್ ಮತ್ತು ಸ್ಟೋರ್ಸ್‌ನ ಜಿಆರ್‌ಎನ್ ಬೇಕು, ರಿಪೇರಿ ಕೆಲಸ ಆದರೆ ಕೆಲಸ ಮುಗಿದಿದೆ ಎಂದು ನಿಮ್ಮ ಸಹಿ ಬೇಕು. ಕ್ರೇನ್, ಜೆಸಿಬಿ ಬಾಡಿಗೆಗೆ ಗಂಟೆ ಬರೆದ ಲಾಗ್‌ಶೀಟ್ ಇಲ್ಲದೆ ನಾವು ಏನನ್ನೂ ಪಾಸ್ ಮಾಡಲಾಗುವುದಿಲ್ಲ. ಅದಿರು, ಕಲ್ಲಿದ್ದಲು ಲಾರಿಗಳ ಬಿಲ್ ಜೊತೆ ತೂಕದ ಚೀಟಿ ಇರಲಿ. ಹತ್ತು ಅಥವಾ ಅದಕ್ಕಿಂತ ಕಡಿಮೆ ಲಾರಿ ಇಟ್ಟುಕೊಂಡ ಮಾಲೀಕರು ಪ್ಯಾನ್ ಜೊತೆ ಹಾಗೆಂದು ಬರೆದುಕೊಟ್ಟರೆ ಅವರ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯುವುದಿಲ್ಲ. ಅದನ್ನು ಅವರಿಗೆ ನೀವೇ ತಿಳಿಸಿ, ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ನೀರಿನ ಟ್ಯಾಂಕರ್‌ನವರಿಗೆ ಜಿಎಸ್‌ಟಿ ನಂಬರ್ ಇಲ್ಲದಿದ್ದರೂ ಪರವಾಗಿಲ್ಲ. ಸಾದಾ ಬಿಲ್, ಪ್ಯಾನ್ ಮತ್ತು ಗೇಟ್ ಎಂಟ್ರಿ ಕೊಟ್ಟರೆ ಆಯಿತು. ಉಳಿದ ಬಿಲ್‌ಗಳಲ್ಲಿ ನಮ್ಮ ಕಂಪನಿಯ ಹೆಸರು ಮತ್ತು 29ರಿಂದ ಶುರುವಾಗುವ ನಮ್ಮ ಜಿಎಸ್‌ಟಿ ನಂಬರ್ ಸರಿಯಾಗಿವೆಯಾ ನೋಡಿ. ನಿಮ್ಮ ಸ್ವಂತ ಹೆಸರಿನಲ್ಲಿ ಬಿಲ್ ಬರೆಸಬೇಡಿ.

ಒಂದು ಕಾಗದ ಕಡಿಮೆ ಇದೆ ಅಂತ ಇಡೀ ಬಿಲ್ ಅನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಬೇಡಿ. ಇದ್ದಷ್ಟು ತಂದುಕೊಡಿ. ಏನು ಕಡಿಮೆ ಇದೆ ಅಂತ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಖರ್ಚನ್ನು ನಾವು ಈ ತಿಂಗಳಿಗೆ ಪ್ರಾವಿಷನ್ ಹಾಕುತ್ತೇವೆ, ಕಾಗದ ಬಂದ ಮೇಲೆ ಹಣ ಕೊಡುತ್ತೇವೆ. ಅಂದಾಜು ಕಳಿಸುವವರು ವೆಂಡರ್ ಹೆಸರು, ಕೆಲಸ, ಮೊತ್ತ ಮೂರನ್ನೇ ಬರೆಯಿರಿ. ಉದಾಹರಣೆಗೆ, ‘ಹೊಸಪೇಟೆಯ ವರ್ಕ್‌ಶಾಪ್, ಕನ್ವೇಯರ್ ರೋಲರ್ ರಿಪೇರಿ, ಸುಮಾರು 45,000’. ಇಷ್ಟಿದ್ದರೆ ನಮಗೆ ಲೆಕ್ಕ ಕೂಡುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಒಂದು ಕಾರಣ ಇದೆ. ದೀಪಾವಳಿಗೆ ಎರಡು ದಿನ ಮೊದಲು ಮೋಟಾರ್ ರಿವೈಂಡಿಂಗ್ ಮಾಡಿಕೊಡುವವರೊಬ್ಬರು ನಮ್ಮ ಗೇಟಿಗೆ ಬಂದಿದ್ದರು. ಆಗಸ್ಟ್ ಕೊನೆಯ ಕೆಲಸ, 38,500 ರೂಪಾಯಿ ಬಿಲ್. ಮೂರು ಸಲ ಫೋನ್ ಮಾಡಿದಾಗಲೂ ‘ಅಕೌಂಟ್ಸ್‌ನಲ್ಲಿದೆ’ ಅಂತ ಅವರಿಗೆ ಉತ್ತರ ಸಿಕ್ಕಿತ್ತು. ನಮ್ಮಲ್ಲಿ ಹುಡುಕಿದರೆ ಇರಲಿಲ್ಲ. ಕೊನೆಗೆ ಒಂದು ವಿಭಾಗದ ಡ್ರಾಯರ್‌ನಲ್ಲಿ, ಸಹಿ ಇಲ್ಲದೆ, ಅವರು ಕೊಟ್ಟ ದಿನ ಹೇಗಿತ್ತೋ ಹಾಗೇ ಸಿಕ್ಕಿತು. ‘ಮೇಡಂ, ಇಬ್ಬರು ಹುಡುಗರು ಇದ್ದಾರೆ, ಹಬ್ಬಕ್ಕೆ ಬರಿಗೈಲಿ ಹೇಗೆ ಕಳಿಸಲಿ?’ ಅಂದರು. ಅವತ್ತೇ ಸಂಜೆ ಹಣ ಹಾಕಿಸಿದೆವು. ಆದರೆ ಅವರು ಅರ್ಧ ದಿನ ಗೇಟಿನ ಹತ್ತಿರ ನಿಂತಿದ್ದು ನನಗೆ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ನೋಂದಾಯಿಸಿಕೊಂಡ ಇಂಥ ಸಣ್ಣ ಘಟಕಗಳಿಗೆ 15 ದಿನದಲ್ಲಿ ಹಣ ಕೊಡಬೇಕು. ಬರವಣಿಗೆಯಲ್ಲಿ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ಈ ದಿನಗಳ ಲೆಕ್ಕ ಶುರುವಾಗುವುದು ನಾವು ಸಾಮಾನು ಅಥವಾ ಕೆಲಸ ಒಪ್ಪಿಕೊಂಡ ದಿನದಿಂದ, ಬಿಲ್ ಅಕೌಂಟ್ಸ್‌ಗೆ ಬಂದ ದಿನದಿಂದ ಅಲ್ಲ. ಬಿಲ್ ಮೇಲೆ ಉದ್ಯಮ್ ನಂಬರ್ ಇದ್ದರೆ ಅದನ್ನು ಬೇರೆಯಾಗಿ, ಎಲ್ಲಕ್ಕಿಂತ ಮೇಲೆ ಇಟ್ಟು ಕೊಡಿ. ಮೊದಲು ಅವನ್ನೇ ಎಂಟ್ರಿ ಮಾಡುತ್ತೇವೆ.

ಗುರುವಾರ 4 ಗಂಟೆಯ ನಂತರ ಬಂದ ಬಿಲ್ ಅನ್ನೂ ತೆಗೆದುಕೊಳ್ಳುತ್ತೇವೆ, ವಾಪಸ್ ಕಳಿಸುವುದಿಲ್ಲ. ಆದರೆ ಅದು ನವೆಂಬರ್ ಖರ್ಚಿಗೆ ಸೇರುತ್ತದೆ, ಹಣವೂ ಮುಂದಿನ ಸರದಿಯಲ್ಲೇ ಹೋಗುತ್ತದೆ. ವೆಂಡರ್ ಕೇಳಿದರೆ ಹಾಗೆಯೇ ನಿಜ ಹೇಳಿ.

ಬಿಲ್‌ಗಳನ್ನು ಅಕೌಂಟ್ಸ್ ಬಾಗಿಲ ಪಕ್ಕದ ನೀಲಿ ಟ್ರೇನಲ್ಲಿ ಹಾಕಿ ಹೋಗಬೇಡಿ, ಕೈಗೇ ಕೊಟ್ಟು ಇನ್‌ವರ್ಡ್ ರಿಜಿಸ್ಟರ್‌ನಲ್ಲಿ ನಂಬರ್ ಹಾಕಿಸಿಕೊಳ್ಳಿ. ಬುಧವಾರ, ಗುರುವಾರ ಊಟದ ಹೊತ್ತಿನಲ್ಲೂ ಒಬ್ಬರು ಕೌಂಟರ್‌ನಲ್ಲಿ ಇರುತ್ತಾರೆ. ರಾತ್ರಿ ಪಾಳಿಯ ಇನ್‌ಚಾರ್ಜ್‌ಗಳು ಬೆಳಿಗ್ಗೆ 8ಕ್ಕೆ ಮನೆಗೆ ಹೋಗುವಾಗ ಕೊಟ್ಟು ಹೋಗಬಹುದು, ಆ ಎರಡು ದಿನ ನಾನು 7.30ಕ್ಕೇ ಬಂದಿರುತ್ತೇನೆ. ಯಾವುದೇ ಬಿಲ್ ಬಗ್ಗೆ ಅನುಮಾನ ಇದ್ದರೆ ಇಂಟರ್‌ಕಾಮ್ 214ಕ್ಕೆ ಕರೆ ಮಾಡಿ.

ಧನ್ಯವಾದಗಳೊಂದಿಗೆ,
ಶಶಿಕಲಾ
ಅಕೌಂಟ್ಸ್ ವಿಭಾಗ, ಗಿಣಿಗೇರಾ ಪ್ಲಾಂಟ್, ಕೊಪ್ಪಳ