ಅಂಗಡಿ ಬಾಡಿಗೆ 24 ಸಾವಿರ ಮಾಡುವ ವಿಚಾರ: ದಯವಿಟ್ಟು ಇನ್ನೊಮ್ಮೆ ಯೋಚಿಸಿ

ಕುವೆಂಪುನಗರ, ಮೈಸೂರು
18 ನವೆಂಬರ್ 2025, ಮಂಗಳವಾರ

ಸರ್, ನಮಸ್ಕಾರ.

ಇವತ್ತು ಮಂಗಳವಾರ, ನಮ್ಮ ಕಟಿಂಗ್ ಅಂಗಡಿಗೆ ರಜ. ಶಟರ್ ಅರ್ಧ ಎಳೆದುಕೊಂಡು ಒಳಗೇ ಕೂತು ಈ ಪತ್ರ ಬರೆಯುತ್ತಿದ್ದೇನೆ. ಶುಕ್ರವಾರ ನೀವು ವಾಟ್ಸಾಪ್‌ನಲ್ಲಿ ಕಳಿಸಿದ ಮೆಸೇಜ್ ನೋಡಿದೆ. ಜನವರಿಯಿಂದ ಬಾಡಿಗೆ 14,000ದಿಂದ 24,000, ಅಡ್ವಾನ್ಸ್ ಒಂದು ಲಕ್ಷದಿಂದ 2 ಲಕ್ಷ 40 ಸಾವಿರ. ಆವಾಗಲೇ ಫೋನ್ ಮಾಡೋಣ ಅಂದುಕೊಂಡೆ, ಆದರೆ ಕುರ್ಚಿಯಲ್ಲಿ ಗಿರಾಕಿ ಇದ್ದರು, ಮನಸ್ಸೂ ಸರಿ ಇರಲಿಲ್ಲ. ಫೋನಲ್ಲಾದರೆ ಏನೋ ಹೇಳಲು ಹೋಗಿ ಇನ್ನೇನೋ ಹೇಳಿಬಿಡುತ್ತೇನೆ. ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ, ಬಿಡುವು ಮಾಡಿಕೊಂಡು ಪೂರ್ತಿ ಓದಿ.

ಮೊದಲೇ ಒಂದು ಮಾತು. ಬಾಡಿಗೆ ಜಾಸ್ತಿ ಮಾಡಲೇಬೇಡಿ ಅಂತ ನಾನು ಕೇಳುತ್ತಿಲ್ಲ. ಕಂದಾಯ ಕಟ್ಟುವವರು ನೀವು, ಅಮ್ಮನವರ ಔಷಧಿ ಖರ್ಚು ನೋಡಿಕೊಳ್ಳುವವರೂ ನೀವು, ಬೆಂಗಳೂರಿನಲ್ಲಿ ನಿಮ್ಮ ಮನೆ ಸಾಲದ ಕಂತೂ ಇದೆ ಅಂತ ಗೊತ್ತು. ಜಾಸ್ತಿ ಮಾಡಿ. ಆದರೆ ಈ ಎರಡು ಕುರ್ಚಿ ದುಡಿದು ಕೊಡುವಷ್ಟು ಮಾಡಿ ಅಂತ ಅಷ್ಟೇ ನನ್ನ ಬೇಡಿಕೆ. ಒಂದೇ ಸಲಕ್ಕೆ ಹತ್ತು ಸಾವಿರ ಅಂದರೆ ನೂರಕ್ಕೆ 71 ಏರಿಕೆ ಆಯಿತು. ಅಷ್ಟು ಇಲ್ಲಿ ಹುಟ್ಟುವುದಿಲ್ಲ ಸರ್.

2013ರ ಜನವರಿಯಲ್ಲಿ ಈ ಅಂಗಡಿ ಹಿಡಿದಾಗ ಬಾಡಿಗೆ 8,000 ಇತ್ತು. ವರ್ಷಕ್ಕೆ ನೂರಕ್ಕೆ ಐದು ಅಂತ ನಿಮ್ಮ ತಂದೆಯವರು ಹೇಳಿದ್ದರು. ಪ್ರತಿ ಸಲ ಹನ್ನೊಂದು ತಿಂಗಳ ಕರಾರು ಮುಗಿದಾಗ ನಾನೇ ಲೆಕ್ಕ ಹಾಕಿಕೊಂಡು ಹೋಗಿ ಕೊಡುತ್ತಿದ್ದೆ, ಚಿಲ್ಲರೆ ಬಂದರೆ ಮೇಲಕ್ಕೇ ಸೇರಿಸಿ. ಹಾಗೆ ಬಂದು ಬಂದು ಈಗ 14,000 ಆಗಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ತಿಂಗಳ ಐದನೇ ತಾರೀಖು ದಾಟಿಸಿಲ್ಲ. ತಪ್ಪಿದ್ದು ಕೊರೊನಾ ಸಮಯದಲ್ಲಿ ಮಾತ್ರ. 2020ರ ಮಾರ್ಚ್ ಕೊನೆಯಿಂದ ಮೇ ತನಕ ಬಾಗಿಲು ತೆರೆಯಲೇ ಆಗಲಿಲ್ಲ. ಬೇರೆ ಅಂಗಡಿಯವರು ಅರ್ಧ ಶಟರ್ ಎತ್ತಿ ಏನಾದರೂ ಮಾರಿಕೊಳ್ಳಬಹುದಿತ್ತು, ನಮ್ಮದು ಮುಖ ಮುಟ್ಟಿ ಮಾಡುವ ಕೆಲಸ, ಏನು ಮಾಡುವುದು ಹೇಳಿ. ಆಗ ಸರ್ಕಾರ ನಮ್ಮಂಥ ಕ್ಷೌರಿಕರಿಗೆ 5,000 ರೂಪಾಯಿ ಪರಿಹಾರ ಘೋಷಿಸಿತು, ಒಂದೇ ಸಲಕ್ಕೆ. ನಿಮ್ಮ ತಂದೆಯವರು ಎರಡು ತಿಂಗಳ ಬಾಡಿಗೆಯನ್ನೇ ಬಿಟ್ಟರು. ಮುಂದಿನ ವರ್ಷದ ಏರಿಕೆಯನ್ನೂ ತೆಗೆದುಕೊಳ್ಳಲಿಲ್ಲ. "ಮೊದಲು ಮನೆಗೆ ಅಕ್ಕಿ ತಗೊಂಡು ಹೋಗು, ಬಾಡಿಗೆ ಆಮೇಲೆ ನೋಡೋಣ" ಅಂದಿದ್ದರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಅವರು ಹಾಸಿಗೆ ಹಿಡಿದಾಗ ಮೂರು ತಿಂಗಳು ಮಂಗಳವಾರ ಮಂಗಳವಾರ ಮನೆಗೆ ಬಂದು ಶೇವಿಂಗ್ ಮಾಡಿ ಹೋಗುತ್ತಿದ್ದೆ, ನಿಮಗೆ ನೆನಪಿರಬಹುದು. ಅದನ್ನು ಋಣದ ಲೆಕ್ಕದಲ್ಲಿ ಹೇಳುತ್ತಿಲ್ಲ, ಅದು ನನಗೆ ಸಿಕ್ಕ ಭಾಗ್ಯ. ಈ ಅಂಗಡಿಗೂ ನಿಮ್ಮ ಮನೆಗೂ ಇರುವುದು ಬರೀ ಬಾಡಿಗೆಯ ಸಂಬಂಧ ಅಲ್ಲ ಅಂತ ನಾನು ನಂಬಿಕೊಂಡಿದ್ದೇನೆ, ಅದಕ್ಕೇ ಇಷ್ಟು ಬಿಚ್ಚಿ ಬರೆಯಲು ಧೈರ್ಯ ಬಂತು.

ಈಗ ಲೆಕ್ಕಕ್ಕೆ ಬರುತ್ತೇನೆ.

ಕಟಿಂಗ್ 120, ಶೇವಿಂಗ್ 60. ಡೈ ಹಾಕಿಸುವವರು ಇದ್ದಾರೆ, ಮಕ್ಕಳ ಕಟಿಂಗ್ ಸ್ವಲ್ಪ ಕಡಿಮೆ. ಎಲ್ಲಾ ಸೇರಿಸಿ ಒಬ್ಬ ಗಿರಾಕಿಯಿಂದ ಸರಾಸರಿ 110 ರೂಪಾಯಿ ಸಿಗುತ್ತದೆ. ಮಾಮೂಲಿ ದಿನ 18 ಜನ ಬರುತ್ತಾರೆ, ಭಾನುವಾರ 40. ಮಂಗಳವಾರ ಬಿಟ್ಟು ತಿಂಗಳಿಗೆ 26 ದಿನ ಕೆಲಸ. ಒಟ್ಟು 550ರ ಮೇಲೆ ಜನ, 61 ಸಾವಿರದ ಆಸುಪಾಸು ಗಲ್ಲಾಕ್ಕೆ ಬರುತ್ತದೆ. ಕೇಳಲು ದೊಡ್ಡ ದುಡ್ಡು ಅನ್ನಿಸುತ್ತದೆ. ಆದರೆ ಎರಡನೇ ಕುರ್ಚಿಯ ಹುಡುಗನಿಗೆ ಅವನು ಮಾಡಿದ ಕೆಲಸದಲ್ಲಿ ಅರ್ಧ ಕೊಡಬೇಕು, ನಮ್ಮ ಕಸುಬಿನಲ್ಲಿ ನಡೆದು ಬಂದ ಪದ್ಧತಿ ಅದು, ಅದೇ ತಿಂಗಳಿಗೆ 15 ಸಾವಿರ ಆಗುತ್ತದೆ. ಬ್ಲೇಡ್, ಕ್ರೀಮ್, ಡೈ, ಟವೆಲ್ ಒಗೆಸುವುದು, ಟ್ರಿಮ್ಮರ್ ರಿಪೇರಿ, ಇವಕ್ಕೆ ಐದೂವರೆ ಸಾವಿರ. ಕರೆಂಟು, ನೀರು ಎರಡು ಸಾವಿರದ ನೂರು, ಕಮರ್ಷಿಯಲ್ ಮೀಟರ್ ಅಲ್ವಾ. ನಿಮ್ಮ ಬಾಡಿಗೆ 14 ಸಾವಿರ. ಎಲ್ಲಾ ಕಳೆದರೆ ನನ್ನ ಕೈಗೆ ಸಿಗುವುದು 24 ಸಾವಿರ ಚಿಲ್ಲರೆ. ಅದರಲ್ಲಿ ಹೊಸ ಕುರ್ಚಿಗಳ ಸಾಲಕ್ಕೆ 4,200 ಕಂತು ಕಟ್ಟುತ್ತೇನೆ. ಮಿಕ್ಕಿದ್ದರಲ್ಲಿ ಮನೆ ಬಾಡಿಗೆ, ರೇಷನ್ನು, ಮಗಳ ಪಿಯುಸಿ ಫೀಸು, ಚೀಟಿ.

ಇದರಿಂದ ಹತ್ತು ಸಾವಿರ ತೆಗೆದುಬಿಟ್ಟರೆ, ಕಂತು ಕಟ್ಟಿದ ಮೇಲೆ ನನಗೆ ಉಳಿಯುವುದು ಹತ್ತು ಸಾವಿರ. ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರ ತನಕ ನಿಂತುಕೊಂಡೇ ದುಡಿದು, ನನ್ನ ಹುಡುಗನಿಗಿಂತ ಕಡಿಮೆ ಸಂಪಾದನೆ ಆಗುತ್ತದೆ.

ರೇಟು ಜಾಸ್ತಿ ಮಾಡು ಅಂತ ನೀವು ಹೇಳಬಹುದು. ಅದನ್ನೂ ಲೆಕ್ಕ ಹಾಕಿದೆ. ಹುಡುಗನ ಕೆಲಸದಲ್ಲಿ ಏರಿಸಿದ ದುಡ್ಡಿನಲ್ಲೂ ಅರ್ಧ ಅವನಿಗೇ ಹೋಗುತ್ತದೆ. ಹಾಗಾಗಿ ನನ್ನ ಕೈಗೆ ಹತ್ತು ಸಾವಿರ ಜಾಸ್ತಿ ಬರಬೇಕಾದರೆ ಪ್ರತಿ ಗಿರಾಕಿಗೂ 24 ರೂಪಾಯಿ ಏರಿಸಬೇಕು. ಅರವತ್ತರ ಶೇವಿಂಗು ಎಂಬತ್ತನಾಲ್ಕು. ನಮ್ಮ ಕ್ರಾಸಿನಲ್ಲಿ ಅರ್ಧ ಜನ ಪೆನ್ಶನ್ ತೆಗೆದುಕೊಳ್ಳುವ ಹಿರಿಯರು, ವಾರಕ್ಕೆ ಎರಡು ಸಲ ಬಂದು ಶೇವಿಂಗ್ ಮಾಡಿಸಿಕೊಂಡು, ಪೇಪರ್ ಓದಿಕೊಂಡು ಹೋಗುವವರು. ಅವರು ಎರಡು ಸಲದ್ದು ಒಂದು ಸಲ ಮಾಡುತ್ತಾರೆ, ಇಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ರೇಟು ಏರಿದರೂ ಗಲ್ಲಾ ಏರುವುದಿಲ್ಲ. ಹತ್ತು ರೂಪಾಯಿಯ ತನಕ ಏರಿಸಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಅಷ್ಟು ನನಗೆ ಗೊತ್ತು.

ಇನ್ನೊಂದು, ನೀವು ಹೇಳಿದ ತಿಂಗಳು. ಅಯ್ಯಪ್ಪ ಮಾಲೆ ಈಗ ತಾನೇ ಶುರುವಾಗಿದೆ. ಮಾಲೆ ಹಾಕಿದವರು ಕೂದಲು, ಗಡ್ಡ ತೆಗೆಸುವುದಿಲ್ಲ, ಸಂಕ್ರಾಂತಿ ಮುಗಿಯುವ ತನಕ ನಮ್ಮ ಕೆಲಸ ಕಡಿಮೆಯೇ. ಶ್ರಾವಣದಲ್ಲೂ ಅಷ್ಟೇ. ನಾನೂ ಮಾಲೆ ಹಾಕಿದವನೇ, ಅದರ ಬಗ್ಗೆ ದೂರು ಇಲ್ಲ. ವರ್ಷದಲ್ಲಿ ಗಲ್ಲಾ ತೀರಾ ಕಡಿಮೆ ಇರುವ ಹೊತ್ತಿಗೇ ಹತ್ತು ಸಾವಿರವೂ ಅಡ್ವಾನ್ಸೂ ಒಟ್ಟಿಗೆ ಬಂದು ಬೀಳುತ್ತದೆ ಅಂತ ಹೇಳಿದೆ ಅಷ್ಟೇ.

ಮೇನ್ ರೋಡಿನ ಎಸಿ ಸಲೂನಿನವರು 45 ಸಾವಿರ ಕೊಡುತ್ತಾರೆ ಅಂತ ಬ್ರೋಕರ್ ನಿಮಗೆ ಹೇಳಿದರಂತೆ. ನಿಜವೇ ಇರಬಹುದು. ಆದರೆ ಅದು ನಮ್ಮದರ ಮೂರರಷ್ಟು ದೊಡ್ಡ ಜಾಗ, ಮುಂದೆ ಬಸ್ ಸ್ಟಾಪು, ಕಾರು ನಿಲ್ಲಿಸಲು ಜಾಗ, ಅಲ್ಲಿ ಕಟಿಂಗಿಗೇ 300. ನಮ್ಮದು ಹನ್ನೆರಡಕ್ಕೆ ಹದಿನೈದು ಅಡಿ, ಎರಡು ಕ್ರಾಸ್ ಒಳಗೆ. ನಮ್ಮ ಸಾಲಿನಲ್ಲೇ ನೋಡಿ, ಪಕ್ಕದ ಟೈಲರ್ ಅಂಗಡಿಗೆ ಇಷ್ಟೇ ಜಾಗಕ್ಕೆ 14,000, ತುದಿಯ ಜೆರಾಕ್ಸ್ ಅಂಗಡಿಗೆ 15,500. ಎದುರಿನ ಬಿಲ್ಡಿಂಗಿನಲ್ಲಿ 22,000 ಹೇಳಿ ಏಳು ತಿಂಗಳಿಂದ ಬೋರ್ಡ್ ನೇತು ಹಾಕಿದ್ದಾರೆ, ಇನ್ನೂ ಯಾರೂ ಬಂದಿಲ್ಲ. ಹೆದರಿಸಲು ಹೇಳುತ್ತಿಲ್ಲ ಸರ್. ನಾನು ಬಿಟ್ಟ ಮೇಲೆ ಅಂಗಡಿ ನಾಲ್ಕು ತಿಂಗಳು ಖಾಲಿ ಬಿದ್ದರೆ ಆ ನಷ್ಟವೂ ನಿಮ್ಮದೇ ಅಲ್ವಾ.

ನನಗೂ ಬಿಟ್ಟು ಹೋಗುವುದು ಸುಲಭ ಇಲ್ಲ. 2019ರಲ್ಲಿ ನೆಲಕ್ಕೆ ಟೈಲ್ಸ್, ಬೇಸಿನ್ನಿಗೆ ಪೈಪ್ ಲೈನ್, ಹೊಸ ವೈರಿಂಗ್, ಗೋಡೆ ಪೂರ್ತಿ ಕನ್ನಡಿ, ಎಲ್ಲಾ ಸೇರಿ 85 ಸಾವಿರ ಹಾಕಿದ್ದೇನೆ, ನಿಮ್ಮ ತಂದೆಯವರ ಒಪ್ಪಿಗೆ ಕೇಳಿಯೇ. ಕುರ್ಚಿ ಹೊತ್ತುಕೊಂಡು ಹೋಗಬಹುದು, ಟೈಲ್ಸು, ಪೈಪು ಇಲ್ಲೇ ಉಳಿಯುತ್ತವೆ, ಕನ್ನಡಿ ಬಿಚ್ಚಲು ಹೋದರೆ ಒಡೆಯುತ್ತದೆ. ಅದಕ್ಕಿಂತ ಹೆಚ್ಚು, ಗಿರಾಕಿಗಳು. ಮೊದಲ ಸಲ ಕೂದಲು ತೆಗೆಸುವಾಗ ಅಪ್ಪನ ತೊಡೆ ಮೇಲೆ ಕೂತು ಅತ್ತ ಹುಡುಗರು ಈಗ ಮೀಸೆ ಟ್ರಿಮ್ ಮಾಡಿಸಲು ಬರುತ್ತಾರೆ. ನೀವೂ ಕಾಲೇಜಿಗೆ ಹೋಗುವಾಗ ಇದೇ ಕುರ್ಚಿಯ ಜಾಗದಲ್ಲಿ ಕೂತವರು. ಅರ್ಧ ಕಿಲೋಮೀಟರ್ ಆಚೆ ಹೋದರೂ ಇವರಲ್ಲಿ ಎಷ್ಟೋ ಜನ ನನ್ನ ಕೈ ಬಿಟ್ಟುಹೋಗುತ್ತಾರೆ. ಹನ್ನೆರಡು ವರ್ಷ ಕಟ್ಟಿದ್ದನ್ನು ನಲವತ್ತೇಳನೇ ವಯಸ್ಸಿನಲ್ಲಿ ಮತ್ತೆ ಮೊದಲಿಂದ ಕಟ್ಟಬೇಕು.

ಅದಕ್ಕೆ ನನ್ನ ಕಡೆಯಿಂದ ಹೀಗೆ ಮಾಡಬಹುದು ಅಂತ ಕೇಳುತ್ತಿದ್ದೇನೆ. ಜನವರಿಯಿಂದ 16,500 ಕೊಡುತ್ತೇನೆ. ಇಷ್ಟು ವರ್ಷ ಐದರಂತೆ ಏರುತ್ತಿದ್ದದ್ದು ಈ ಸಲ ನೂರಕ್ಕೆ 18ರ ಹತ್ತಿರ ಆಗುತ್ತದೆ. ಕಟಿಂಗ್, ಶೇವಿಂಗಿಗೆ ಹತ್ತು ಹತ್ತು ರೂಪಾಯಿ ಏರಿಸಿ ಅದನ್ನು ಹೊಂದಿಸಿಕೊಳ್ಳುತ್ತೇನೆ. ಆಮೇಲೆ ವರ್ಷಕ್ಕೆ ನೂರಕ್ಕೆ ಎಂಟರಂತೆ ಏರಿಸೋಣ, 2027ರಲ್ಲಿ 17,820, 2028ರಲ್ಲಿ 19,250. ಹನ್ನೊಂದು ತಿಂಗಳ ಬದಲು ಮೂರು ವರ್ಷಕ್ಕೆ ಕರಾರು ಮಾಡಿ ರಿಜಿಸ್ಟರ್ ಮಾಡಿಸೋಣ, ಅದರ ಖರ್ಚು ನಾನೇ ಹಾಕುತ್ತೇನೆ. ನಿಮಗೂ ಮೂರು ವರ್ಷ ಯೋಚನೆ ಇರುವುದಿಲ್ಲ, ನಾನೂ ಮಗಳ ಓದು ಮುಗಿಯುವ ತನಕ ಒಂದು ಕಡೆ ನೆಲೆ ನಿಲ್ಲುತ್ತೇನೆ. ಅಡ್ವಾನ್ಸ್ ಒಂದೂವರೆ ಲಕ್ಷ ಮಾಡೋಣ. ಜನವರಿಯಲ್ಲಿ 25 ಸಾವಿರ ಕೊಡುತ್ತೇನೆ, ಯುಗಾದಿ ಹೊತ್ತಿಗೆ ಚೀಟಿ ಬರುತ್ತದೆ, ಆಗ ಇನ್ನು 25. ಹಿಂದಿನ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ ಅಂತ ಹೇಳಿದ್ದೆನಲ್ಲ, ಅದನ್ನೂ ಈ ಬೇಸಿಗೆಯಲ್ಲಿ ನಾನೇ ಮಾಡಿಸಿಕೊಳ್ಳುತ್ತೇನೆ, ಬಾಡಿಗೆಯಲ್ಲಿ ಹಿಡಿಯುವುದಿಲ್ಲ.

16,500 ಕಡಿಮೆ ಆಯಿತು ಅನ್ನಿಸಿದರೆ ಹೇಳಿ, ಕೂತು ಮಾತಾಡೋಣ. 17,000ದ ತನಕ ಹೇಗಾದರೂ ಎಳೆಯುತ್ತೇನೆ. ಅದರ ಮೇಲೆ ಹೋದರೆ ಒಪ್ಪಿಕೊಂಡು ಆಮೇಲೆ ಕೊಡಲಾಗದೆ ನಿಮ್ಮೆದುರು ತಲೆ ತಗ್ಗಿಸುವ ಹಾಗೆ ಆಗುತ್ತದೆ, ಅದು ನನಗೆ ಬೇಡ.

ಡಿಸೆಂಬರ್ ಮೊದಲ ವಾರ ಅಮ್ಮನವರನ್ನು ನೋಡಲು ಬರುತ್ತೀರಿ ಅಂತ ಕೇಳಿದೆ. 7ನೇ ತಾರೀಖು ಭಾನುವಾರ ಒಂದರ್ಧ ಗಂಟೆ ಅಂಗಡಿಗೆ ಬನ್ನಿ. ದಿನದ ಲೆಕ್ಕ ಬರೆದ ನೋಟ್‌ಬುಕ್ಕುಗಳನ್ನು ತೆಗೆದಿಟ್ಟಿರುತ್ತೇನೆ, ನಾನು ಹೇಳಿದ್ದು ಸರಿಯೋ ತಪ್ಪೋ ನೀವೇ ನೋಡಿ. ಅವತ್ತು ಜನ ಜಾಸ್ತಿ ಇರುತ್ತಾರೆ, ಪರವಾಗಿಲ್ಲ, ನೀವು ಬಂದಾಗ ಹುಡುಗನಿಗೆ ಒಪ್ಪಿಸಿ ನಾನು ಹೊರಗೆ ಬರುತ್ತೇನೆ. ಅಲ್ಲಿಯ ತನಕ ಬೇರೆ ಯಾರಿಗೂ ಮಾತು ಕೊಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಡಿಸೆಂಬರ್ ಬಾಡಿಗೆ ಎಂದಿನಂತೆ ಐದನೇ ತಾರೀಖಿನ ಒಳಗೆ ನಿಮ್ಮ ಅಕೌಂಟಿಗೆ ಹಾಕಿರುತ್ತೇನೆ.

ಅಮ್ಮನವರಿಗೆ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಅಂಗಡಿಯ
ಮಂಜುನಾಥ